ಶಾಲೆಯ ಜಾಲತಾಣವನ್ನು ಯಾರ ಕೈಗೆ ಕೊಡಬೇಕು?

2024ರ ಮೇ ತಿಂಗಳಿನ ಒಂದು ಸೋಮವಾರ ಭಾಂಡುಪಿನಿಂದ ತಾಯಿಯೊಬ್ಬರು ನಮ್ಮ ಶಾಲೆಯ ಕಚೇರಿಗೆ ಬಂದರು. ಮಗನನ್ನು ಎಂಟನೆಯ ತರಗತಿಗೆ ಸೇರಿಸುವುದಕ್ಕಾಗಿ ಅವರು ಅರ್ಧ ದಿನದ ಕೂಲಿಯನ್ನು ಬಿಟ್ಟು ಬಂದಿದ್ದರು. ಶಾಲೆಯ ಜಾಲತಾಣದಲ್ಲಿ ಪ್ರವೇಶಶುಲ್ಕವು 1,850 ರೂಪಾಯಿ ಎಂದು ನೋಡಿಕೊಂಡು ಅಷ್ಟೇ ಹಣವನ್ನು ಎಣಿಸಿ ತಂದಿದ್ದರು. ಕಚೇರಿಯ ಪುಸ್ತಕದಲ್ಲಿದ್ದ ಮೊತ್ತವಾದರೋ 2,350 ರೂಪಾಯಿ. ಅವರು ಮರಳಿ ಹೋಗಿ ಇನ್ನೊಂದು ದಿನ ಬರಬೇಕಾಯಿತು; ಇನ್ನೊಂದು ಅರ್ಧ ದಿನದ ಕೂಲಿ ಹೋಯಿತು. ಹೋಗುವಾಗ ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನಮಗೆ ಸ್ವಲ್ಪ ಹಗುರವೆನಿಸುತ್ತಿತ್ತೋ ಏನೋ.

ನಡೆದುದೇನೆಂದು ವಿಚಾರಿಸಿದೆವು. ಕಚೇರಿಯ ಅಕ್ಕನವರು ಶನಿವಾರ ಶುಲ್ಕದ ಪುಟವನ್ನು ತೆರೆದು ಹೊಸ ವರ್ಷದ ಮೊತ್ತಗಳನ್ನು ತುಂಬಲು ತೊಡಗಿದ್ದರು. ಐದನೆಯ ತರಗತಿಯಿಂದ ಏಳನೆಯ ತರಗತಿಯವರೆಗೆ ತಿದ್ದಿಯಾಗಿತ್ತು. ಪುಟದ ತಲೆಯಲ್ಲಿ ವರ್ಷವನ್ನೂ ಬದಲಾಯಿಸಿಯಾಗಿತ್ತು. ಅಷ್ಟರಲ್ಲಿ ಮುಖ್ಯೋಪಾಧ್ಯಾಯರು ಕರೆದರು. ಮಾಡಿದ ಕೆಲಸ ಹಾಳಾಗಬಾರದೆಂದು ಅಕ್ಕನವರು ಉಳಿಸುವ ಗುಂಡಿಯನ್ನು ಒತ್ತಿ ಎದ್ದುಹೋದರು. ಆ ಗುಂಡಿಯು ಬರಿದೆ ಉಳಿಸುವ ಗುಂಡಿಯಲ್ಲ, ಲೋಕಕ್ಕೆಲ್ಲ ಪ್ರಕಟಿಸುವ ಗುಂಡಿ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೀಗಾಗಿ ಮೇಲೆ ಹೊಸ ವರ್ಷ, ಕೆಳಗೆ ಎಂಟನೆಯ ತರಗತಿಯ ಮುಂದೆ ಹಳೆಯ ಮೊತ್ತ, ಇಂಥ ಅರೆಬೆಂದ ಪುಟವು ಎರಡು ದಿನ ಊರಿಗೆಲ್ಲ ಕಾಣುತ್ತಿತ್ತು.

ಆಡಳಿತ ಮಂಡಳಿಯ ಸಭೆಯಲ್ಲಿ ಕೆಲವರು, "ಇನ್ನು ಮುಂದೆ ಕಂಪ್ಯೂಟರ್ ಬಲ್ಲವರ ಹೊರತು ಬೇರಾರೂ ಜಾಲತಾಣವನ್ನು ಮುಟ್ಟಕೂಡದು" ಎಂದರು. ನಾವು ಆ ಮಾತನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಶುಲ್ಕವೆಷ್ಟೆಂಬುದು ಗೊತ್ತಿರುವುದು ಕಚೇರಿಯ ಅಕ್ಕನವರಿಗೆ. ಕ್ರೀಡಾಕೂಟದ ದಿನಾಂಕ ಗೊತ್ತಿರುವುದು ವ್ಯಾಯಾಮ ಶಿಕ್ಷಕರಿಗೆ. ಕಂಪ್ಯೂಟರ್ ಬಲ್ಲ ನಮ್ಮ ಹಳೆಯ ವಿದ್ಯಾರ್ಥಿ ಇರುವುದು ಪುಣೆಯಲ್ಲಿ. ವಿಷಯ ಬಲ್ಲವರ ಕೈಯಿಂದ ಲೇಖನಿಯನ್ನು ಕಿತ್ತು ದೂರದಲ್ಲಿರುವವನ ಕೈಗೆ ಕೊಟ್ಟರೆ ತಪ್ಪುಗಳು ಕಡಿಮೆಯಾಗುವುದಿಲ್ಲ. ಪುಟವು ತಿಂಗಳುಗಟ್ಟಲೆ ಹಳತಾಗಿಯೇ ಉಳಿಯುತ್ತದೆ, ಅಷ್ಟೆ. ಹಳೆಯ ಶುಲ್ಕವನ್ನು ತೋರಿಸುವ ಪುಟವೂ ಆ ತಾಯಿಯನ್ನು ಅದೇ ರೀತಿ ಹಿಂದಕ್ಕೆ ಕಳುಹಿಸುತ್ತಿತ್ತು.

ಆದ್ದರಿಂದ ಬದಲಾಗಬೇಕಾದುದು ಕೈಯಲ್ಲ, ಕೈಗೆ ಕೊಟ್ಟ ಸಾಧನ. ಇಂಥ ಸಾಧನಕ್ಕೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಸಿ.ಎಂ.ಎಸ್. ಎಂದು ಹೆಸರು. ಅಚ್ಚುಕೂಟದ ಕೆಲಸ ಗೊತ್ತಿಲ್ಲದವರೂ ಪುಟದ ಬರಹವನ್ನು ತಿದ್ದುವಂತೆ ಅದು ಅನುಕೂಲ ಮಾಡಿಕೊಡುತ್ತದೆ. ಪುಟದ ಅಂದವನ್ನು ಒಂದು ಕಡೆ, ಬರಹವನ್ನು ಇನ್ನೊಂದು ಕಡೆ ಇಟ್ಟು, ಓದುಗನು ಕೇಳಿದಾಗ ಎರಡನ್ನೂ ಜೋಡಿಸಿ ಕೊಡುತ್ತದೆ. ಈ ಜಾತಿಯ ಸಾಧನಗಳು ಬಹಳ ಇವೆ. ಮಾರುವವರು ಅವು ಏನೇನು ಮಾಡಬಲ್ಲವೆಂಬುದರ ಉದ್ದನೆಯ ಪಟ್ಟಿಯನ್ನು ಹಿಡಿದು ಬರುತ್ತಾರೆ. ನಮ್ಮ ಮತವೇನೆಂದರೆ, ಆ ಪಟ್ಟಿಯನ್ನು ಮಡಿಚಿಟ್ಟು ಒಂದೇ ಪ್ರಶ್ನೆಯನ್ನು ಕೇಳಬೇಕು: ಅವಸರದಲ್ಲಿರುವ ಒಳ್ಳೆಯ ಮನುಷ್ಯನೊಬ್ಬನು ತಪ್ಪು ಮಾಡಿದಾಗ ಏನಾಗುತ್ತದೆ? ತಪ್ಪು ಓದುಗರಿಗೆ ಕಾಣುವ ಮೊದಲೇ ಯಾರ ಕಣ್ಣಿಗಾದರೂ ಬೀಳುತ್ತದೆಯೇ? ಬಿದ್ದ ಮೇಲೆ ಹಿಂದಕ್ಕೆ ತಿರುಗಿಸಲು ಬರುತ್ತದೆಯೇ? ಯಾರು ಮಾಡಿದರೆಂದು ತಿಳಿಯುತ್ತದೆಯೇ?

ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವೇ ಇರಲಿಲ್ಲ. ಶಾಲೆಗೆಲ್ಲ ಒಂದೇ ಖಾತೆ, ಒಂದೇ ಗುಟ್ಟಿನ ಪದ. ಅದನ್ನು ಬರೆದ ಚೀಟಿ ಕಚೇರಿಯ ಕಪಾಟಿನ ಒಳಬಾಗಿಲಿಗೆ ಅಂಟಿಕೊಂಡಿತ್ತು. ಆ ಖಾತೆಯಾದರೂ ಸಾಮಾನ್ಯದ್ದಲ್ಲ. ಇಡೀ ತಾಣವನ್ನೇ ಅಳಿಸಿಹಾಕಬಲ್ಲ ಅಡ್ಮಿನಿಸ್ಟ್ರೇಟರ್ ಖಾತೆ. ಒಂದು ದಿನಾಂಕ ತಿದ್ದಬೇಕಾದವರಿಗೆ ಮನೆಯ ಬೀಗದ ಕೈ, ತಿಜೋರಿಯ ಬೀಗದ ಕೈ ಎಲ್ಲವನ್ನೂ ಒಂದೇ ಗೊಂಚಲಿನಲ್ಲಿ ಕೊಟ್ಟಂತಾಗಿತ್ತು.

ಮಂಡಳಿಯು ಕೊನೆಗೆ ಒಂದು ಪರೀಕ್ಷೆಯ ದಿನವನ್ನು ಗೊತ್ತುಮಾಡಿತು. ಪುಣೆಯ ಹುಡುಗನು ತನ್ನ ಕಂಪ್ಯೂಟರಿನಲ್ಲಿ ಮೂರು ಸಾಧನಗಳನ್ನು ಬರಿಯ ಅಭ್ಯಾಸಕ್ಕಾಗಿ ಹೂಡಿ ತಂದನು: ವರ್ಡ್‌ಪ್ರೆಸ್, ಡ್ರೂಪಲ್, ವ್ಯಾಗ್‌ಟೇಲ್. ಮೂರೂ ಹಣ ಕೊಡದೆ ಸಿಗತಕ್ಕವು, ಮೂರೂ ಹಲವು ವರ್ಷಗಳಿಂದ ಬಳಕೆಯಲ್ಲಿರತಕ್ಕವು. ವರ್ಡ್‌ಪ್ರೆಸ್ 2003ರಲ್ಲಿ, ಡ್ರೂಪಲ್ 2001ರಲ್ಲಿ, ವ್ಯಾಗ್‌ಟೇಲ್ 2014ರಲ್ಲಿ ಹೊರಬಂದುವು. ಪರೀಕ್ಷೆಗೆ ಕುಳಿತವರು ಕಚೇರಿಯ ಅಕ್ಕನವರು, ಕನ್ನಡ ಶಿಕ್ಷಕರು, ವ್ಯಾಯಾಮ ಶಿಕ್ಷಕರು. ಮಂಡಳಿಯ ಸದಸ್ಯರಾದ ನಾವು ಹಿಂದೆ ಕುಳಿತು ಬಾಯಿ ಬಿಡದೆ ನೋಡಬೇಕು; "ಅಲ್ಲಿ ಒತ್ತಿ, ಇಲ್ಲಿ ಒತ್ತಿ" ಎನ್ನಕೂಡದು. ಇದೇ ಬಹಳ ಕಷ್ಟದ ನಿಯಮವಾಗಿತ್ತೆಂದು ಒಪ್ಪಿಕೊಳ್ಳುತ್ತೇವೆ. ಕೊಟ್ಟ ಕೆಲಸಗಳು ಸುಲಭವಾದುವೇ. ಶುಲ್ಕದ ಪುಟವನ್ನು ಅರ್ಧ ತಿದ್ದಿ ಎದ್ದುಹೋಗುವುದು. ಬೇಡದ ಚಿತ್ರವೊಂದನ್ನು ಅಳಿಸುವುದು. ಹಳೆಯ ವರ್ಡ್ ಕಡತದಿಂದ ಸುತ್ತೋಲೆಯೊಂದನ್ನು ನಕಲು ಮಾಡಿ ಅಂಟಿಸುವುದು. ನಿನ್ನೆ ಇದ್ದಂತೆ ಪುಟವನ್ನು ಮತ್ತೆ ತರುವುದು.

ಮೊದಲು ವರ್ಡ್‌ಪ್ರೆಸ್. ಹತ್ತು ನಿಮಿಷಗಳೊಳಗೆ ಮೂವರೂ ಅದರಲ್ಲಿ ಬರೆಯಲು ಕಲಿತರು. ಈ ಮಾತಿನಲ್ಲಿ ಉಳಿದೆರಡು ಅದಕ್ಕೆ ಸಮನಾಗಲಿಲ್ಲ. ಅದರಲ್ಲಿ ಬಳಕೆದಾರರಿಗೆ ಅಂತಸ್ತುಗಳಿವೆ. ಕಾಂಟ್ರಿಬ್ಯೂಟರ್ ಎಂಬವನು ಬರಹವನ್ನು ಬರೆದು ಪರಿಶೀಲನೆಗೆ ಒಪ್ಪಿಸಬಹುದು, ತಾನೇ ಪ್ರಕಟಿಸಲಾರ; ಚಿತ್ರವನ್ನೂ ಏರಿಸಲಾರ. ಆಥರ್ ಎಂಬವನು ತನ್ನ ಬರಹಗಳನ್ನು ಮಾತ್ರ ತಾನೇ ಪ್ರಕಟಿಸಬಹುದು. ಎಡಿಟರ್ ಎಂಬವನು ಎಲ್ಲರ ಬರಹಗಳನ್ನೂ ತಿದ್ದಬಹುದು, ಪ್ರಕಟಿಸಬಹುದು, ಅಳಿಸಬಹುದು. ಅಡ್ಮಿನಿಸ್ಟ್ರೇಟರ್ ಎಂಬವನು ತಾಣಕ್ಕೇ ಒಡೆಯ. ಕೇಳುವುದಕ್ಕೆ ಇದು ಚೆನ್ನಾಗಿಯೇ ಇದೆ. ಆದರೆ ಇಲ್ಲೊಂದು ಕೊರತೆಯುಂಟು, ಅದನ್ನು ಮೊದಲೇ ತಿಳಿದಿರಬೇಕು. ವರ್ಡ್‌ಪ್ರೆಸ್ಸಿನಲ್ಲಿ ಬರಹಗಳು ಎರಡು ಬಗೆ: ದಿನದಿನಕ್ಕೆ ಬಂದು ಹಿಂದೆ ಸರಿಯುವ 'ಪೋಸ್ಟ್', ಸ್ಥಿರವಾಗಿ ನಿಲ್ಲುವ 'ಪೇಜ್'. ಕೆಳಗಿನ ಎರಡು ಅಂತಸ್ತಿನವರಿಗೆ ಪೇಜಿನ ಮೇಲೆ ಯಾವ ಅಧಿಕಾರವೂ ಇಲ್ಲ. ಶುಲ್ಕದ ಪೇಜನ್ನು ಅಕ್ಕನವರು ತಿದ್ದಬೇಕಾದರೆ ಅವರನ್ನು ಎಡಿಟರ್ ಮಾಡಬೇಕು. ಎಡಿಟರ್ ಮಾಡಿದರೆ ಅವರ ಕೈಗೆ ಎಲ್ಲ ಪೇಜುಗಳೂ ಬರುತ್ತವೆ. ನಡುವೆ ಮೆಟ್ಟಿಲಿಲ್ಲ.

ಇನ್ನೊಂದು ಕೊರತೆಯೇ ನಮ್ಮನ್ನು ಕೆಡವಿದ್ದು. ಹೊಸ ಬರಹವನ್ನು ಕರಡಾಗಿ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು. ಆದರೆ ಒಮ್ಮೆ ಪ್ರಕಟವಾದ ಪೇಜನ್ನು ಮತ್ತೆ ತೆರೆದು ತಿದ್ದಿ ಉಳಿಸಿದರೆ, ಆ ಕ್ಷಣವೇ ಅದು ಓದುಗರ ಮುಂದೆ ನಿಲ್ಲುತ್ತದೆ. ಹಳೆಯ ಪೇಜು ಹೊರಗೆ ಕಾಣುತ್ತಿರಲಿ, ಹೊಸ ಕರಡು ಒಳಗೆ ಬೆಳೆಯುತ್ತಿರಲಿ ಎನ್ನುವ ಏರ್ಪಾಡು ಅದರ ಮೂಲರೂಪದಲ್ಲಿಲ್ಲ. ಇದಕ್ಕಾಗಿ ಹೊರಗಿನವರು ಮಾಡಿದ ಪ್ಲಗಿನ್‌ಗಳು ಸಿಗುತ್ತವೆ, ನಿಜ. ಆದರೆ ಹೊರಗಿನಿಂದ ತಂದ ಒಂದೊಂದು ಪ್ಲಗಿನ್ನೂ ಮನೆಗೆ ಹಾಕಿದ ಇನ್ನೊಂದು ಬಾಗಿಲು. ಅದರ ಬೀಗವನ್ನೂ ಯಾರಾದರೂ ನೋಡಿಕೊಳ್ಳುತ್ತಿರಬೇಕು.

ಹಿಂದಕ್ಕೆ ತಿರುಗಿಸುವ ಮಾತಿಗೆ ಬಂದರೆ ವರ್ಡ್‌ಪ್ರೆಸ್ ಬರಹದ ವಿಷಯದಲ್ಲಿ ಗೆದ್ದಿತು. ಪ್ರತಿಯೊಂದು ಬಾರಿ ಉಳಿಸಿದಾಗಲೂ ಹಿಂದಿನ ರೂಪವನ್ನು ಅದು ಕಾಯ್ದಿಡುತ್ತದೆ. ಯಾರು, ಯಾವಾಗ ತಿದ್ದಿದರೆಂದು ಬರೆದಿಡುತ್ತದೆ. ಎರಡು ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟು ತೆಗೆದ ಮಾತನ್ನು ಒಂದು ಬಣ್ಣದಲ್ಲಿ, ಸೇರಿಸಿದ ಮಾತನ್ನು ಇನ್ನೊಂದು ಬಣ್ಣದಲ್ಲಿ ತೋರಿಸುತ್ತದೆ. ವ್ಯಾಯಾಮ ಶಿಕ್ಷಕರು ಅದನ್ನು ಕಂಡು, "ಇದು ಆಟದ ಮರುಪ್ರಸಾರದಂತಿದೆ" ಎಂದು ನಕ್ಕರು. ಬರಹವನ್ನೇ ಅಳಿಸಿದರೂ ಅದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಆದರೆ ಚಿತ್ರಗಳಿಗೆ ಈ ದಯೆಯಿಲ್ಲ! ಚಿತ್ರಕೋಶದಲ್ಲಿ ಒಂದು ಚಿತ್ರವನ್ನು ಅಳಿಸಿದರೆ ಅದು ಹೋಯಿತೆಂದೇ ಲೆಕ್ಕ. ಅಕ್ಕನವರು ಎರಡು ಕಡೆ ಬಳಕೆಯಲ್ಲಿದ್ದ ಚಿತ್ರವೊಂದನ್ನು ಹೆಚ್ಚಿನದೆಂದು ಎಣಿಸಿ ಅಳಿಸಿದರು, "ಶಾಶ್ವತವಾಗಿ ಅಳಿಸಲೇ?" ಎಂದು ಅದು ಕೇಳಿತು, ಅಕ್ಕನವರು ಹೌದೆಂದರು. ಎರಡು ಪುಟಗಳಲ್ಲಿಯೂ ಚಿತ್ರದ ಸ್ಥಾನದಲ್ಲಿ ಖಾಲಿ ಚೌಕ ಉಳಿಯಿತು. ಅಭ್ಯಾಸದ ತಾಣವಾದುದರಿಂದ ಎಲ್ಲರೂ ನಕ್ಕೆವು.

ಡ್ರೂಪಲ್ಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದರಲ್ಲಿ ಪ್ರಕಟವಾದ ಪುಟದ ಮೇಲೆ ಹೊಸ ಕರಡನ್ನು ಇಡುವ ಏರ್ಪಾಡು ಮೂಲದಲ್ಲಿಯೇ ಸೇರಿದೆ. ಅಂತಸ್ತುಗಳನ್ನು ನಮಗೆ ಬೇಕಾದಂತೆ ಕತ್ತರಿಸಿಕೊಳ್ಳಬಹುದು. ದೊಡ್ಡ ವಿಶ್ವವಿದ್ಯಾಲಯಕ್ಕೋ ಸರಕಾರದ ಇಲಾಖೆಗೋ ಅದು ತಕ್ಕುದು. ನಮ್ಮ ಮೂವರೂ ಅದರ ಪರದೆಯ ಮುಂದೆ ಬೆವರಿದರು. ಅಲ್ಲದೆ ಅದರ ಏಳನೆಯ ಆವೃತ್ತಿಗೆ 2025ರ ಜನವರಿ 5ರಂದು ಆಸರೆ ನಿಂತುಹೋಯಿತು. ಆ ಆವೃತ್ತಿಯಿಂದ ಮುಂದಿನದಕ್ಕೆ ಹೋಗುವುದೆಂದರೆ ಹೆಚ್ಚುಕಡಿಮೆ ಮನೆಯನ್ನೇ ಬೇರೆ ಕಟ್ಟಿದಂತೆ. ಅಷ್ಟು ಕೆಲಸಗಾರರು ನಮ್ಮಲ್ಲಿಲ್ಲ.

ಮಧ್ಯಾಹ್ನದ ಚಹಾ ಆದ ಮೇಲೆ ವ್ಯಾಗ್‌ಟೇಲ್. ಇದು ನಮ್ಮ ಮನಸ್ಸನ್ನು ಸೆಳೆದ ಸಾಧನವೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಇದರಲ್ಲಿ ಪುಟಗಳು ಮರದಂತೆ ಕೊಂಬೆಕೊಂಬೆಯಾಗಿ ನಿಂತಿರುತ್ತವೆ. ಅಧಿಕಾರವನ್ನು ಕೊಂಬೆಯ ಲೆಕ್ಕದಲ್ಲಿ ಕೊಡಬಹುದು. 'ಪ್ರವೇಶ' ಎಂಬ ಕೊಂಬೆ ಕಚೇರಿಯ ಅಕ್ಕನವರಿಗೆ, 'ಕ್ರೀಡೆ' ಎಂಬ ಕೊಂಬೆ ವ್ಯಾಯಾಮ ಶಿಕ್ಷಕರಿಗೆ; ಒಬ್ಬರು ಇನ್ನೊಬ್ಬರ ಕೊಂಬೆಯನ್ನು ತಿದ್ದಲಾರರು. ತಿದ್ದಿದ ಮೇಲೆ ಮೊದಲು ಕೈಗೆ ಸಿಗುವ ಗುಂಡಿ ಕರಡಾಗಿ ಉಳಿಸುವುದು. ಪ್ರಕಟಿಸುವ ಗುಂಡಿ ಅದರ ಹಿಂದೆ ಮಡಿಚಿಕೊಂಡಿರುತ್ತದೆ. ಅಕ್ಕನವರು ಶುಲ್ಕದ ಪುಟವನ್ನು ಅರ್ಧ ತಿದ್ದಿ, ಹಿಂದಿನಂತೆಯೇ ಗುಂಡಿ ಒತ್ತಿ, ಎದ್ದು ನಿಂತರು. ಹೊರಗಿನ ಪುಟವನ್ನು ತೆರೆದು ನೋಡಿದೆವು. ಹಳೆಯ ಪುಟವು ಹಳೆಯ ವರ್ಷದ ಹೆಸರಿನೊಡನೆ ಇಡಿಯಾಗಿ ನಿಂತಿತ್ತು. ಅದೇ ಕೈ, ಅದೇ ಅವಸರ, ಅದೇ ಗುಂಡಿ. ಭಾಂಡುಪಿನ ತಾಯಿಗೆ ಮಾತ್ರ ಯಾವ ನಷ್ಟವೂ ಆಗುತ್ತಿರಲಿಲ್ಲ. ಅಕ್ಕನವರು ನಮ್ಮ ಕಡೆಗೆ ತಿರುಗಿ, "ಹಾಗಾದರೆ ಅಂದಿನ ತಪ್ಪು ನನ್ನೊಬ್ಬಳದೇ ಅಲ್ಲ, ಅಲ್ಲವೇ ಸರ್?" ಎಂದರು. ಒಂದು ವರ್ಷದಿಂದ ಅವರು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನಮಗೆ ಆಗ ತಿಳಿಯಿತು.

ವ್ಯಾಗ್‌ಟೇಲಿನಲ್ಲಿಯೂ ಮುಳ್ಳುಗಳಿಲ್ಲದೆ ಇಲ್ಲ. ಅದರ ಮೂಲರೂಪದಲ್ಲಿ ಕಸದ ಬುಟ್ಟಿಯಿಲ್ಲ. ಪುಟವನ್ನು ಅಳಿಸಿದರೆ ಅದೂ ಹೋಗುತ್ತದೆ, ಅದರ ಕೆಳಗಿನ ಕೊಂಬೆಗಳೂ ಹೋಗುತ್ತವೆ. ಪ್ರಕಟಿಸುವ ಅಧಿಕಾರವಿಲ್ಲದವರು ಪ್ರಕಟವಾದ ಪುಟವನ್ನು ಅಳಿಸಲಾರರೆಂಬುದು ಒಂದು ಸಮಾಧಾನ. ಇನ್ನು ಪುಟದಲ್ಲಿ ಏನೇನು ಇರಬೇಕೆಂಬುದನ್ನು ಪೈಥಾನ್ ಭಾಷೆಯಲ್ಲಿ ಬರೆದೇ ಗೊತ್ತುಮಾಡಬೇಕು. ಮುಂದೆ ಒಂದು ಹೊಸ ಬಗೆಯ ಪುಟ ಬೇಕಾದರೆ ಬರೆಯಬಲ್ಲವನನ್ನು ಹುಡುಕಬೇಕು.

ಇಲ್ಲಿ ಕನ್ನಡ ಬರೆಯುವವರಿಗೆ ಎದುರಾಗುವ ಎರಡು ತೊಡಕುಗಳನ್ನು ಹೇಳಬೇಕು. ಇಂಗ್ಲಿಷ್ ಬರೆಯುವವರು ಮಾಡಿದ ಯಾವ ಪಟ್ಟಿಯಲ್ಲಿಯೂ ಅವು ಸಿಗುವುದಿಲ್ಲವಾದುದರಿಂದ ವಿದ್ಯಾರ್ಥಿಮಿತ್ರರು ಗಮನವಿಟ್ಟು ಓದಬೇಕೆಂದು ಕೋರುತ್ತೇವೆ.

ಒಂದನೆಯದು ಅಕ್ಷರದ ತೊಡಕು. ಕನ್ನಡ ಶಿಕ್ಷಕರು ಹಳೆಯ ಸುತ್ತೋಲೆಯನ್ನು ವರ್ಡ್ ಕಡತದಿಂದ ನಕಲು ಮಾಡಿ ಅಂಟಿಸಿದರು. 'ಕನ್ನಡ' ಎಂದು ಇರಬೇಕಾದಲ್ಲಿ `PÀ£ÀßqÀ` ಎಂದು ಕಾಣಿಸಿತು. ಮೂರು ಸಾಧನಗಳಲ್ಲಿಯೂ ಇದೇ ಕಥೆ. ಸಾಧನದ ತಪ್ಪಲ್ಲ ಇದು. ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಪಟ್ಟಿಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಮೊದಲಾದ ಲಿಪಿಗಳ ಸಂಕೇತ. ಕನ್ನಡದ ವೇಷ ಹಾಕುವುದು ಅಕ್ಷರಪಟ್ಟಿ. ವೇಷ ಕಳಚಿದೊಡನೆ ಒಳಗಿನದು ಹೊರಬೀಳುತ್ತದೆ. ಅಂಥ ಬರಹವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ನೋಡಿ, ಆಮೇಲೆ ಅಂಟಿಸಬೇಕು. ಸಾಧನದಿಂದ ನಾವು ಕೇಳಬೇಕಾದುದು ಇಷ್ಟೇ: ಪ್ರಕಟಿಸುವ ಮೊದಲು ಪುಟವು ಹೊರಗಿನವರಿಗೆ ಹೇಗೆ ಕಾಣುವುದೆಂದು ಅದು ತೋರಿಸಬೇಕು. ಮೂರೂ ತೋರಿಸುತ್ತವೆ.

ಎರಡನೆಯದು ವಿಳಾಸದ ತೊಡಕು. ವರ್ಡ್‌ಪ್ರೆಸ್ ಬರಹದ ಶೀರ್ಷಿಕೆಯಿಂದಲೇ ಅದರ ವಿಳಾಸವನ್ನು ಮಾಡಿಕೊಳ್ಳುತ್ತದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ಒಂದೊಂದು ಅಕ್ಷರವನ್ನೂ, ಒಂದೊಂದು ಕಾಗುಣಿತದ ಚಿಹ್ನೆಯನ್ನೂ, ಒಂಬತ್ತು ಗುರುತುಗಳಾಗಿ ಬಿಡಿಸಿ ಬರೆಯುತ್ತದೆ. 'ಶಾಲೆ' ಎಂಬ ಎರಡಕ್ಷರದ ಮಾತು ಹೀಗಾಗುತ್ತದೆ:

```
%e0%b2%b6%e0%b2%be%e0%b2%b2%e0%b3%86
```

ಶ, ಅದರ ದೀರ್ಘ, ಲ, ಅದರ ಎತ್ವ, ಈ ನಾಲ್ಕಕ್ಕೆ ಒಂಬತ್ತರಂತೆ ಮೂವತ್ತಾರು ಗುರುತುಗಳು. ವಿಳಾಸಕ್ಕೆ ಇರುವ ಸ್ಥಳವಾದರೋ 200 ಗುರುತುಗಳದು. ಎಂದರೆ ಇಪ್ಪತ್ತೆರಡು ಕನ್ನಡ ಚಿಹ್ನೆಗಳಾದ ಮೇಲೆ ಕತ್ತರಿ ಬೀಳುತ್ತದೆ. ಕನ್ನಡ ಶಿಕ್ಷಕರು 'ಹತ್ತನೆಯ ತರಗತಿಯ ಪರೀಕ್ಷಾ ವೇಳಾಪಟ್ಟಿ' ಎಂದು ಬರೆದರು. ವಿಳಾಸವು 'ವೇಳಾಪಟ್ಟಿ'ಯ ವಕಾರಕ್ಕೆ ಬಂದು ನಿಂತುಹೋಯಿತು. ಆಮೇಲೆ 'ಹತ್ತನೆಯ ತರಗತಿಯ ಪರೀಕ್ಷಾ ವರದಿ' ಎಂದು ಇನ್ನೊಂದನ್ನು ಬರೆದರು. ಅದೂ ಅದೇ ವಕಾರಕ್ಕೆ ನಿಂತಿತು! ಎರಡೂ ಒಂದೇ ಆಗಬಾರದಾದುದರಿಂದ ಎರಡನೆಯದರ ಕೊನೆಗೆ ವರ್ಡ್‌ಪ್ರೆಸ್ 2 ಎಂಬ ಅಂಕೆಯನ್ನು ಹಚ್ಚಿತು. ಪಾಲಕರ ವಾಟ್ಸಾಪಿಗೆ ಇಂಥ ವಿಳಾಸವನ್ನು ಅಂಟಿಸಿದರೆ ಅನೇಕ ವೇಳೆ ಅದು ಮೂರು ಸಾಲಿನ ಮಂತ್ರದಂತೆ ಕಾಣುತ್ತದೆ. ಎರಡರಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಶೀರ್ಷಿಕೆ ಕನ್ನಡದಲ್ಲಿಯೇ ಇರಲಿ, ವಿಳಾಸದ ಭಾಗಕ್ಕೆ ಮಾತ್ರ `hattu-velapatti` ಎಂಬಂತೆ ಚಿಕ್ಕ ಹೆಸರನ್ನು ಕೈಯಿಂದ ಬರೆಯಬೇಕೆಂದು ಅಂದೇ ನಿಯಮ ಮಾಡಿದೆವು. ಕನ್ನಡಾಭಿಮಾನಕ್ಕೆ ಇದು ಸ್ವಲ್ಪ ಚುಚ್ಚುತ್ತದೆ, ಆದರೆ ತಪ್ಪು ಪುಟಕ್ಕೆ ಹೋದ ಪಾಲಕನಿಗೆ ನಮ್ಮ ಅಭಿಮಾನದಿಂದ ಏನು ಲಾಭ? ಒಮ್ಮೆ ಇಟ್ಟ ವಿಳಾಸವನ್ನು ಮತ್ತೆ ಬದಲಾಯಿಸಕೂಡದೆಂದೂ ಸೇರಿಸಿದೆವು. ಪೋಸ್ಟಿನ ವಿಳಾಸ ಬದಲಾದರೆ ಹಳೆಯ ವಿಳಾಸಕ್ಕೆ ಬಂದವನನ್ನು ವರ್ಡ್‌ಪ್ರೆಸ್ ಹೊಸದಕ್ಕೆ ಕಳುಹಿಸಿಕೊಡುತ್ತದೆ. ಪೇಜಿನ ವಿಷಯದಲ್ಲಿ ಹಳೆಯ ಹೆಸರನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ.

ಸಂಜೆ ಮಂಡಳಿಯು ಮತ ಕೊಡಬೇಕಾಯಿತು. ನಮ್ಮ ಒಲವು ವ್ಯಾಗ್‌ಟೇಲಿನ ಕಡೆಗಿತ್ತು. ಆಗ ಪುಣೆಯ ಹುಡುಗನೇ ಎದ್ದು ಹೇಳಿದ ಮಾತು ನಮ್ಮ ಬಾಯಿ ಕಟ್ಟಿತು. "ಸರ್, ಇದನ್ನು ನಾನು ಹೂಡಿಕೊಡುತ್ತೇನೆ. ಆದರೆ ಮುಂದಿನ ವರ್ಷ ನನಗೆ ಪರದೇಶದಲ್ಲಿ ಕೆಲಸ ಸಿಕ್ಕಿದರೆ ಇದರ ಭದ್ರತೆಯ ತಿದ್ದುಪಡಿಗಳನ್ನು ಕಾಲಕಾಲಕ್ಕೆ ಯಾರು ಹಾಕುತ್ತಾರೆ?" ಯಾರೂ ಉತ್ತರ ಕೊಡಲಿಲ್ಲ. ವರ್ಡ್‌ಪ್ರೆಸ್ 2013ರಿಂದ ತನ್ನ ಚಿಕ್ಕ ಭದ್ರತಾ ತಿದ್ದುಪಡಿಗಳನ್ನು ತಾನೇ ತರಿಸಿಕೊಂಡು ಹಾಕಿಕೊಳ್ಳುತ್ತದೆ; ಅದನ್ನು ಬಲ್ಲವರು ದಾದರಿನಲ್ಲಿಯೂ ಸಿಗುತ್ತಾರೆ, ಠಾಣೆಯಲ್ಲಿಯೂ ಸಿಗುತ್ತಾರೆ. ತಿದ್ದುವವರ ತಪ್ಪಿನಿಂದ ಪುಟವನ್ನು ಕಾಯುವುದಷ್ಟೇ ಸುರಕ್ಷಿತತೆಯಲ್ಲ. ಎರಡು ವರ್ಷ ಯಾರೂ ತಿದ್ದುಪಡಿ ಹಾಕದ ತಾಣದಲ್ಲಿ ಒಂದು ದಿನ ಕಳ್ಳರು ಹೊಕ್ಕು ಶುಲ್ಕದ ಪುಟದಲ್ಲಿ ತಮ್ಮ ಬ್ಯಾಂಕಿನ ಲೆಕ್ಕವನ್ನೇ ಬರೆದಿಟ್ಟರೆ ಆ ತಾಯಿಯ ಗತಿ ಏನು? ಪೈಥಾನ್ ಬಲ್ಲ ಇಬ್ಬರು ಸಂಬಳದ ಮೇಲೆ ಇರುವ ಸಂಸ್ಥೆಯಾಗಿದ್ದರೆ ನಾವು ವ್ಯಾಗ್‌ಟೇಲನ್ನೇ ಹಿಡಿಯುತ್ತಿದ್ದೆವು. ನಮ್ಮಂಥ ಶಾಲೆಗೆ ವರ್ಡ್‌ಪ್ರೆಸ್ಸೇ ಸರಿ ಎಂದು ಮತ ಕೊಟ್ಟೆವು. ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟೆವೆಂಬುದೂ ನಿಜ.

ಆದರೆ ವರ್ಡ್‌ಪ್ರೆಸ್ಸನ್ನು ಇದ್ದಂತೆಯೇ ತೆಗೆದುಕೊಳ್ಳಲಿಲ್ಲ. ಅದರ ಕೊರತೆಗಳಿಗೆ ತಕ್ಕಂತೆ ಶಾಲೆಯ ಕೆಲಸವನ್ನೇ ಸ್ವಲ್ಪ ಬೇರೆಯಾಗಿ ಹಂಚಿದೆವು. ಮೇಲಿಂದ ಮೇಲೆ ಬದಲಾಗುವುದೆಲ್ಲ ಪೋಸ್ಟ್: ಸುತ್ತೋಲೆ, ರಜೆ, ಪಂದ್ಯ, ವೇಳಾಪಟ್ಟಿ. ಇವನ್ನು ಕನ್ನಡ ಶಿಕ್ಷಕರೂ ವ್ಯಾಯಾಮ ಶಿಕ್ಷಕರೂ ಕಾಂಟ್ರಿಬ್ಯೂಟರ್ ಅಂತಸ್ತಿನಲ್ಲಿ ಬರೆದು ಒಪ್ಪಿಸುತ್ತಾರೆ. ಕಚೇರಿಯ ಅಕ್ಕನವರು ಎಡಿಟರ್ ಆಗಿ ಓದಿ ಪ್ರಕಟಿಸುತ್ತಾರೆ. ಪಂದ್ಯದ ಚಿತ್ರಗಳನ್ನೂ ಅಕ್ಕನವರೇ ಏರಿಸಬೇಕು. ವ್ಯಾಯಾಮ ಶಿಕ್ಷಕರಿಗೆ ಇದರಿಂದ ಇನ್ನೂ ಬೇಸರವಿದೆ. ಪ್ರಕಟವಾದ ಮೇಲೆ ಬರೆದವರು ತಾವೇ ಅದನ್ನು ತಿದ್ದಲಾರರು; ತಪ್ಪು ಕಂಡರೆ ಅಕ್ಕನವರಿಗೇ ಹೇಳಬೇಕು. ಶುಲ್ಕದ ಪೇಜನ್ನು ಮಾತ್ರ ಯಾರೂ ನೇರವಾಗಿ ಮುಟ್ಟುವುದಿಲ್ಲ. ಹೊಸ ವರ್ಷದ ಶುಲ್ಕಕ್ಕೆ ಬೇರೊಂದು ಹೊಸ ಪೇಜನ್ನು ಕರಡಾಗಿ ಬರೆಯಬೇಕು. ಮುಖ್ಯೋಪಾಧ್ಯಾಯರು ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸಾಲನ್ನೂ ಓದಿ ಒಪ್ಪಬೇಕು. ಆ ಮೇಲೆ ಕರಡಿನ ಬರಹವನ್ನೆಲ್ಲ ಒಟ್ಟಿಗೆ ಎತ್ತಿ ಹಳೆಯ ಪೇಜಿನಲ್ಲಿಟ್ಟು ಒಂದೇ ಸಲ ಉಳಿಸಬೇಕು. ವಿಳಾಸವು ಹಳೆಯದೇ ಉಳಿಯುತ್ತದೆ. ಅರೆಬೆಂದ ಪುಟ ಹೊರಗೆ ಕಾಣುವುದಿಲ್ಲ.

ಅಡ್ಮಿನಿಸ್ಟ್ರೇಟರ್ ಖಾತೆ ಪುಣೆಯ ಹುಡುಗನಿಗೊಂದು, ಮಂಡಳಿಯ ಕಾರ್ಯದರ್ಶಿಗಳಿಗೊಂದು. ಕಪಾಟಿನ ಚೀಟಿಯನ್ನು ಹರಿದು ಹಾಕಿ ಆ ಹಳೆಯ ಖಾತೆಯನ್ನೂ ತೆಗೆದುಹಾಕಿದೆವು. ಉಳಿದವರಿಗೆ ಒಬ್ಬೊಬ್ಬರಿಗೆ ಅವರವರ ಹೆಸರಿನ ಖಾತೆ. `wp-config.php` ಎಂಬ ಕಡತದಲ್ಲಿ ಹುಡುಗನು ಮೂರು ಸಾಲುಗಳನ್ನು ಸೇರಿಸಿದನು:

```
define( 'DISALLOW_UNFILTERED_HTML', true );
define( 'DISALLOW_FILE_EDIT', true );
define( 'MEDIA_TRASH', true );
```

ಇವುಗಳಲ್ಲಿ ಮೊದಲನೆಯದು, ಎಲ್ಲಿಂದಲೋ ತಂದ ಸ್ಕ್ರಿಪ್ಟನ್ನು ಪುಟದೊಳಗೆ ಯಾರೂ ಅಂಟಿಸದಂತೆ ತಡೆಯುತ್ತದೆ. ಇಲ್ಲದಿದ್ದರೆ ನಮ್ಮಂಥ ಸಾಮಾನ್ಯ ತಾಣದಲ್ಲಿ ಎಡಿಟರಿಗೂ ಆ ಅಧಿಕಾರವಿರುತ್ತದೆ. ಬಂದವರನ್ನು ಎಣಿಸುವ ಚೆಂದದ ಅಂಕೆಗಳೆಂದು ನಂಬಿ ಅಂಟಿಸಿದ ನಾಲ್ಕು ಸಾಲು ಓದುಗರನ್ನು ಬೇರೆಲ್ಲಿಗೋ ಎಳೆದೊಯ್ಯಬಹುದು. ಎರಡನೆಯದು, ತಾಣದ ಅಂದದ ಮತ್ತು ಪ್ಲಗಿನ್‌ಗಳ ಕಡತಗಳನ್ನು ಒಳಗಿನ ಪರದೆಯಿಂದಲೇ ತಿದ್ದುವ ದಾರಿಯನ್ನು ಮುಚ್ಚುತ್ತದೆ. ಮೂರನೆಯದು, ಚಿತ್ರಗಳಿಗೂ ಕಸದ ಬುಟ್ಟಿಯನ್ನು ಒದಗಿಸುತ್ತದೆ.

ಈ ಮೂರನೆಯದರಲ್ಲಿ ಒಂದು ಮೋಸವಿದೆ. ಅದು ನಮಗೆ ಎರಡು ತಿಂಗಳಾದ ಮೇಲೆ ತಿಳಿಯಿತು. ಬುಟ್ಟಿಗೆ ಹೋದ ಚಿತ್ರದ ಕಡತವು ಅಲ್ಲಿಯೇ ಇರುವುದರಿಂದ ಪುಟಗಳಲ್ಲಿ ಚಿತ್ರವು ಮೊದಲಿನಂತೆಯೇ ಕಾಣುತ್ತಿರುತ್ತದೆ. ಅಳಿಸಿದವರು, 'ಏನೂ ಆಗಲಿಲ್ಲ' ಎಂದುಕೊಳ್ಳುತ್ತಾರೆ. 30 ದಿನಗಳಾದ ಮೇಲೆ ಬುಟ್ಟಿ ತಾನಾಗಿ ಬರಿದಾದಾಗ ಚಿತ್ರವು ಮಾಯವಾಗುತ್ತದೆ. ಆ ಹೊತ್ತಿಗೆ ಅಳಿಸಿದ ನೆನಪೇ ಯಾರಿಗೂ ಇರುವುದಿಲ್ಲ. ಸಂಸ್ಥಾಪಕರ ಭಾವಚಿತ್ರವೊಂದು ಹೀಗೆ ಹೋಗಿ, ಕೊನೆಗೆ ಸಭಾಂಗಣದ ಗೋಡೆಯ ಮೇಲಿನ ಪಟವನ್ನು ಇಳಿಸಿ ಮತ್ತೆ ಫೋಟೋ ತೆಗೆದೆವು. ಈಗ ತಿಂಗಳಿಗೆ ಎರಡು ಸಲ, ಮೊದಲನೆಯ ಮತ್ತು ಮೂರನೆಯ ಶನಿವಾರ, ಅಕ್ಕನವರು ಬುಟ್ಟಿಯನ್ನು ಇಣುಕಿ ನೋಡುತ್ತಾರೆ.

ಆ ಭಾವಚಿತ್ರದ ದೆಸೆಯಿಂದ ಇನ್ನೊಂದು ಸಂಗತಿಯೂ ಹೊರಬಿತ್ತು. ತಾಣದ ಪ್ರತಿಯನ್ನು ಪ್ರತಿ ರಾತ್ರಿ ತೆಗೆದಿಡುವ ಏರ್ಪಾಡು ನಮ್ಮಲ್ಲಿ ಇತ್ತು. ಅದನ್ನು ನಂಬಿ ನಿಶ್ಚಿಂತರಾಗಿದ್ದೆವು. ಚಿತ್ರವನ್ನು ಅದರಿಂದ ತೆಗೆಯೋಣವೆಂದು ನೋಡಿದರೆ ಪ್ರತಿಯಲ್ಲಿ ಡೇಟಾಬೇಸ್ ಮಾತ್ರ ಇತ್ತು. ವರ್ಡ್‌ಪ್ರೆಸ್ಸಿನ ಬರಹಗಳು ಡೇಟಾಬೇಸಿನಲ್ಲಿರುತ್ತವೆ. ಚಿತ್ರಗಳು `wp-content/uploads` ಎಂಬ ಬೇರೊಂದು ಕೋಶದಲ್ಲಿರುತ್ತವೆ. ಎರಡನ್ನೂ ತೆಗೆದಿಡದಿದ್ದರೆ ಪ್ರತಿ ಎಂಬುದು ಅರ್ಧ ಪ್ರತಿ. ಈಗ ಎರಡನ್ನೂ ತೆಗೆದಿಡುತ್ತಿದ್ದೇವೆ. ದಸರೆಯ ರಜೆಯಲ್ಲಿ ಹುಡುಗನು ಬಂದು, ಆ ಪ್ರತಿಯಿಂದಲೇ ಇಡೀ ತಾಣವನ್ನು ಬೇರೊಂದು ಕಂಪ್ಯೂಟರಿನಲ್ಲಿ ಎಬ್ಬಿಸಿ ತೋರಿಸಿದನು. ನಲವತ್ತು ನಿಮಿಷ ಹಿಡಿಯಿತು. ಅಕ್ಕನವರು ಶುಲ್ಕದ ಪುಟವನ್ನು ತೆರೆದು, ಎಂಟನೆಯ ತರಗತಿಯ ಸಾಲಿನ ಮೇಲೆ ಬೆರಳಿಟ್ಟು ಓದಿ, ಸರಿಯಾಗಿದೆ ಎಂದರು.